ಅರ್ಜಿ ನಲವತ್ತು, ಹೆಸರೆಲ್ಲ ಅದಲು-ಬದಲು!

ಭಾಲ್ಕಿಯ ಸಿಮೆಂಟ್ ವ್ಯಾಪಾರಿಯೊಬ್ಬರಿಗೆ ಅಂಗಡಿಯ ಲೆಕ್ಕ ಬರೆಯಲು ಒಬ್ಬ ಹುಡುಗ ಬೇಕಿತ್ತು. ಬಂದ ಅರ್ಜಿಗಳಲ್ಲಿ ಒಂದು ಎಲ್ಲಕ್ಕಿಂತ ಅಚ್ಚುಕಟ್ಟು. ಬಿ.ಕಾಂ. ಪಾಸು, ಜಿ.ಎಸ್.ಟಿ. ಗೊತ್ತು, ಸಂಬಳದ ಬಗ್ಗೆ ತಕರಾರಿಲ್ಲ. ಆದರೆ ಅರ್ಜಿಯ ಮೊದಲ ಸಾಲಿನಲ್ಲೇ 'ತಮ್ಮ ಔಷಧಿ ಕಂಪನಿಯಲ್ಲಿ ಅಕೌಂಟೆಂಟ್ ಕೆಲಸ ಬಯಸುತ್ತೇನೆ' ಎಂದಿತ್ತು. ಮೇಲೆ ಕಂಪನಿಯ ಹೆಸರೂ ಇತ್ತು, ಬೇರೆಯವರದ್ದು! "ನಮ್ಮ ಅಂಗಡಿ ಹೆಸರs ಗೊತ್ತಿಲ್ಲದಾಂವಗ ತಿಜೋರಿ ಲೆಕ್ಕ ಹ್ಯಾಂಗ ಕೊಡ್ಲಿರಿ?" ಎಂದು ಸಾಹುಕಾರರು ಆ ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ.

ಅರ್ಜಿ ಹಾಕಿದಾತ ಔರಾದ ತಾಲ್ಲೂಕಿನವನು. ಬೀದರಿನ ಇಂಟರ್ನೆಟ್ ಸೆಂಟರಿನಲ್ಲಿ ಕುಳಿತು ಒಂದೇ ಏಟಿಗೆ ನಲವತ್ತು ಅರ್ಜಿ ತಯಾರಿಸಿದ್ದ. ಭಾಲ್ಕಿ, ಹುಮನಾಬಾದ್, ಜಹೀರಾಬಾದ್, ಹೈದರಾಬಾದ್, ಎಲ್ಲಾ ಕಡೆಗೂ. ಉಪಯೋಗಿಸಿದ್ದು ಮೇಲ್ ಮರ್ಜ್. ಗೊತ್ತಿಲ್ಲದವರಿಗೆ ಎರಡೇ ಮಾತು: ಎಕ್ಸೆಲ್ ಹಾಳೆಯಲ್ಲಿ ಕಂಪನಿ, ಹುದ್ದೆ, ವಿಳಾಸ, ಇ-ಮೇಲ್ ಹೀಗೆ ಒಂದೊಂದು ಕಾಲಂ. ವರ್ಡ್‌ನಲ್ಲಿ ಒಂದೇ ಒಂದು ಪತ್ರ, ಹೆಸರು ಬರಬೇಕಾದ ಕಡೆ ಖಾಲಿ ಜಾಗ. ಒಂದೊಂದು ಸಾಲಿನಿಂದ ಹೆಸರು ತೆಗೆದು ಕಂಪ್ಯೂಟರೇ ಆ ಜಾಗ ತುಂಬುತ್ತದೆ. ಹಿಂದೆ ಸೈಕ್ಲೋಸ್ಟೈಲ್ ಹಾಳೆಯಲ್ಲಿ ಚುಕ್ಕಿ ಬಿಟ್ಟು ಪೆನ್ನಿನಿಂದ ಹೆಸರು ತುಂಬುತ್ತಿದ್ದರಲ್ಲ, ಅದೇ ವಿದ್ಯೆ. ಆದರೆ ಪೆನ್ನು ಹಿಡಿದವನ ಕಣ್ಣು ಪ್ರತಿ ಹಾಳೆಯ ಮೇಲೂ ಬೀಳುತ್ತಿತ್ತು. ಇಲ್ಲಿ ಯಾರ ಕಣ್ಣೂ ಬೀಳುವುದಿಲ್ಲ.

ತಪ್ಪು ಪತ್ರದಲ್ಲಲ್ಲ, ಪಟ್ಟಿಯಲ್ಲಿ

ಹುಡುಗ ಪತ್ರವನ್ನು ಮೂರು ಸಲ ಓದಿದ್ದ. ಅದರಲ್ಲಿ ತಪ್ಪಿರಲಿಲ್ಲ. ಎಡವಿದ್ದು ಎಕ್ಸೆಲ್ ಹಾಳೆಯಲ್ಲಿ. ಕಂಪನಿಗಳ ಹೆಸರು ಎ ಬಿ ಸಿ ಡಿ ಕ್ರಮದಲ್ಲಿದ್ದರೆ ಹುಡುಕಲು ಸುಲಭ ಎಂದುಕೊಂಡು, ಕಂಪನಿಯ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಗುಂಡಿ ಒತ್ತಿದ. ಆಗ ಪರದೆಯ ಮೇಲೆ "Sort Warning" ಎಂಬ ಚೌಕಟ್ಟು ಬಂತು. ಅದರಲ್ಲಿ ಎರಡು ದಾರಿ. "Expand the selection" ಅಂದರೆ ಹೆಸರಿನ ಜೊತೆ ಇಡೀ ಸಾಲೇ ಸರಿಯುತ್ತದೆ. "Continue with the current selection" ಅಂದರೆ ಹೆಸರು ಮಾತ್ರ ಸರಿಯುತ್ತದೆ, ಉಳಿದದ್ದು ಇದ್ದಲ್ಲೇ. ನಮ್ಮ ಹುಡುಗ 'ಕಂಟಿನ್ಯೂ' ಎಂಬ ಶಬ್ದ ಕಂಡು ಅದನ್ನೇ ಒತ್ತಿದ. ಮುಂದೆ ಹೋಗಬೇಕಲ್ಲ!

ಆಗಿದ್ದಿಷ್ಟು. ಭಾಲ್ಕಿ ಅಂಗಡಿಯ ಹೆಸರು 'ಎಸ್' ಅಕ್ಷರದ್ದು, 14ನೇ ಸಾಲಿನಲ್ಲಿತ್ತು. ಅದು ಜಾರಿ ಕೆಳಗೆ 33ನೇ ಸಾಲಿಗೆ ಹೋಯಿತು. ಅದರ ಜಾಗಕ್ಕೆ 'ಡಿ' ಅಕ್ಷರದ ಔಷಧಿ ಕಂಪನಿ ಬಂದು ಕೂತಿತು. ಹುದ್ದೆ, ವಿಳಾಸ, ಇ-ಮೇಲ್ ಮಾತ್ರ ಭಾಲ್ಕಿಯವರದ್ದೇ ಉಳಿಯಿತು. ಹೀಗಾಗಿ ಪತ್ರ ಸಾಹುಕಾರರಿಗೇ ಮುಟ್ಟಿತು, ಒಳಗೆ ಹೆಸರು ಮಾತ್ರ ಇನ್ನೊಬ್ಬರದ್ದು.

"ಮೊದಲನೇದ್ದು ನೋಡೀನ್ರಿ ಅಣ್ಣಾ, ಬರೋಬರಿ ಇತ್ತು" ಎಂದ ಹುಡುಗ. ಸುಳ್ಳಲ್ಲ. ಪಟ್ಟಿಯ ಮೊದಲ ಕಂಪನಿ ಮೊದಲೇ 'ಎ' ಅಕ್ಷರದ್ದು. ಸಾರ್ಟ್ ಆದ ಮೇಲೂ ಅದು ಮೊದಲೇ ಉಳಿಯಿತು. ಅದೊಂದು ಪತ್ರ ಸರಿ, ಉಳಿದವು ಅಸ್ತವ್ಯಸ್ತ. ಮೊದಲ ಪತ್ರ ನೋಡಿ ನಂಬುವುದು ಎಷ್ಟು ಅಪಾಯ ನೋಡಿ.

ಕೆಲವು ಸಲ ಆ ಎಚ್ಚರಿಕೆಯ ಚೌಕಟ್ಟೂ ಬರುವುದಿಲ್ಲ. ಚೆಂದ ಕಾಣಲಿ ಎಂದು ಹಾಳೆಯ ನಡುವೆ ಒಂದು ಖಾಲಿ ಕಾಲಂ ಬಿಟ್ಟಿದ್ದರೆ, ಪಟ್ಟಿ ಅಲ್ಲಿಗೇ ಮುಗಿಯಿತು ಎಂದು ಎಕ್ಸೆಲ್ ತಿಳಿಯುತ್ತದೆ. ಈಚೆಯದನ್ನು ಸರಿಸಿ, ಆಚೆಯದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆದ್ದರಿಂದ ಖಾಲಿ ಕಾಲಂ ಬೇಡವೇ ಬೇಡ. ಪಟ್ಟಿಯೊಳಗೆ ಒಂದು ಮನೆಯ ಮೇಲೆ ಕ್ಲಿಕ್ ಮಾಡಿ Ctrl+T ಒತ್ತಿದರೆ ಇಡೀ ಪಟ್ಟಿ ಒಂದು ಕಟ್ಟಾಗುತ್ತದೆ. ಆಮೇಲೆ ಸಾರ್ಟ್ ಮಾಡಿದರೆ ಸಾಲು ಪೂರ್ತಿ ಒಟ್ಟಿಗೇ ಸರಿಯುತ್ತದೆ. ತಪ್ಪಿದ್ದು ಕೂಡಲೇ ಕಂಡರೆ Ctrl+Z ಇದೆ. ಫೈಲ್ ಸೇವ್ ಮಾಡಿ ಮುಚ್ಚಿಬಿಟ್ಟರೆ ಅದೂ ಇಲ್ಲ. ಕ್ರಮಸಂಖ್ಯೆಯ ಕಾಲಂ ಇತ್ತಲ್ಲ ಎಂದರೆ ಪ್ರಯೋಜನವಿಲ್ಲ, ಸರಿದ ಹೆಸರುಗಳ ಜೊತೆ ಅದು ಸರಿದಿರುವುದಿಲ್ಲ. ಮೂಲ ಪಟ್ಟಿಯ ಪ್ರತಿಯೊಂದನ್ನು ಬೇರೆ ಇಟ್ಟಿದ್ದವನೇ ಬಚಾವ್.

ಹತ್ತು ನಿಮಿಷದ ತಪಾಸಣೆ

ಒಂದೊಂದು ಪತ್ರ ಬಿಡಿಯಾಗಿ ಓದಿದರೆ ಈ ತಪ್ಪು ಕಾಣುವುದಿಲ್ಲ. ವ್ಯಾಕರಣ ಸರಿ, ಹೆಸರೂ ಒಂದು ಕಂಪನಿಯ ನಿಜವಾದ ಹೆಸರೇ. ಹೆಸರನ್ನು ಇನ್ನೊಂದರ ಜೊತೆ ತಾಳೆ ನೋಡಬೇಕು. ಅದಕ್ಕೆ ಪತ್ರದ ತಲೆಯಲ್ಲೇ, ಕಂಪನಿ ಹೆಸರಿನ ಕೆಳಗೆ, ಇ-ಮೇಲ್ ಕಾಲಮನ್ನೂ ಸೇರಿಸಿ. ಆಮೇಲೆ "Finish & Merge" ಒತ್ತಿ "Edit Individual Documents" ಆರಿಸಿ. ನಲವತ್ತು ಪುಟದ ಹೊಸ ಫೈಲ್ ತೆರೆಯುತ್ತದೆ, ಯಾರಿಗೂ ಏನೂ ಹೋಗಿರುವುದಿಲ್ಲ. ಪುಟ ತಿರುವುತ್ತಾ ಮೇಲಿನ ಹೆಸರಿಗೂ ಇ-ಮೇಲಿನಲ್ಲಿ '@' ಗುರುತಿನ ಮುಂದಿರುವ ಹೆಸರಿಗೂ ಹೊಂದುತ್ತದೆಯೇ ನೋಡಿದರೆ ಸಾಕು. ನಮ್ಮ ಊರಿನ ಸಣ್ಣ ಅಂಗಡಿಗಳದ್ದು ಬರೀ ಜಿಮೇಲ್, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಅಂಥ ನಾಲ್ಕಾರನ್ನು ಜಾಹೀರಾತಿನ ತುಣುಕು ಪಕ್ಕಕ್ಕಿಟ್ಟುಕೊಂಡೇ ನೋಡಬೇಕು. ಹುದ್ದೆಯ ಹೆಸರಿಗೂ ಆ ತುಣುಕೇ ಸಾಕ್ಷಿ.

ಇದೇ ಫೈಲಿನಲ್ಲಿ ಇನ್ನೊಂದು ಕಳ್ಳನನ್ನೂ ಹಿಡಿಯಬಹುದು. ಮೊದಲು ಯಾವುದೋ ಒಂದು ಕಂಪನಿಗೆ ಪತ್ರ ಬರೆದು, ಅದನ್ನೇ ಮಾದರಿ ಮಾಡಿಕೊಳ್ಳುವವರೇ ಹೆಚ್ಚು. ಮೇಲೆ ಹೆಸರಿದ್ದಲ್ಲಿ ಖಾಲಿ ಜಾಗ ಮಾಡುತ್ತಾರೆ, ಕೊನೆಯ ಪ್ಯಾರಾದಲ್ಲಿ ಟೈಪ್ ಮಾಡಿದ ಹೆಸರು ಹಾಗೇ ಉಳಿದಿರುತ್ತದೆ. Ctrl+F ಒತ್ತಿ ಆ ಮೊದಲ ಕಂಪನಿಯ ಹೆಸರು ಹುಡುಕಿ. ಪತ್ರದಲ್ಲಿ ಕಂಪನಿಯ ಹೆಸರು ಎರಡು ಕಡೆ ಬರುವುದಾದರೆ ನಲವತ್ತೂ ಪುಟ ಸೇರಿ ಎರಡೇ ಸಲ ಸಿಗಬೇಕು. 41 ಸಲ ಸಿಕ್ಕಿತೋ, ಒಂದು ಕಡೆ ಅದು ಗಟ್ಟಿಯಾಗಿ ಅಂಟಿಕೊಂಡಿದೆ ಎಂದೇ ಅರ್ಥ. ಪತ್ರದ ಮಾದರಿಯಲ್ಲಿ "Highlight Merge Fields" ಒತ್ತಿದರೆ ಬದಲಾಗುವ ಜಾಗಗಳಿಗೆಲ್ಲ ಬೂದು ಬಣ್ಣ ಬರುತ್ತದೆ. ಬಣ್ಣ ಬಾರದ ಹೆಸರೇ ಅಪರಾಧಿ.

ಇಷ್ಟೆಲ್ಲ ಸರಿಮಾಡಿದ ಮೇಲೂ ವಿಷಯದ ಸಾಲಿನಲ್ಲಿ ಜಾರುವವರಿದ್ದಾರೆ. ವರ್ಡ್‌ನಿಂದ ನೇರವಾಗಿ ಇ-ಮೇಲ್ ಕಳಿಸುವಾಗ ಆ ಸಾಲು ಎಲ್ಲರಿಗೂ ಒಂದೇ. ಅಲ್ಲಿ ಹುದ್ದೆಯ ಕಾಲಂ ಸೇರಿಸಲು ಬರುವುದಿಲ್ಲ. 'ಸ್ಟೋರ್ ಕೀಪರ್ ಹುದ್ದೆಗೆ ಅರ್ಜಿ' ಎಂದು ಬರೆದರೆ ಅಕೌಂಟೆಂಟ್ ಕೇಳಿದವರಿಗೂ ಅದೇ ಹೋಗುತ್ತದೆ. ಅಲ್ಲಿ ನಿಮ್ಮ ಹೆಸರು, ಬಿ.ಕಾಂ., 'ಉದ್ಯೋಗಕ್ಕೆ ಅರ್ಜಿ' ಇಷ್ಟೇ ಬರೆದರೆ ಯಾರಿಗೂ ಸುಳ್ಳಾಗುವುದಿಲ್ಲ.

ಹೋದದ್ದು ಹೋಯಿತು, ಈಗೇನು? ಹುಡುಗನಿಗೆ ಸೆಂಟರಿನವರು ಹೇಳಿದ್ದು ಇದು: "ಸುಮ್ಮ ಕೂಡಬ್ಯಾಡ ತಮ್ಮಾ. ಇವತ್ತೇ ಇನ್ನೊಂದು ಕಳ್ಸು. 'ಹಿಂದಿನ ಪತ್ರದಾಗ ತಮ್ಮ ಹೆಸರು ತಪ್ಪಿ ಬಿದ್ದದ, ಸರಿ ಅರ್ಜಿ ಇದು' ಅಂತ ಎರಡು ಸಾಲು. ಕಥಿ ಬರೀಬ್ಯಾಡ." ಹೆಸರು ತಪ್ಪಿಹೋದ ಅರ್ಜಿಗಳ ಪಟ್ಟಿ ಹಿಡಿದು ಅವನು ಮತ್ತೆ ಕುಳಿತ. ಈ ಸಲ ಮರ್ಜ್ ಮಾಡಲಿಲ್ಲ, ಒಂದೊಂದೇ ಟೈಪ್ ಮಾಡಿದ. ಭಾಲ್ಕಿಯದನ್ನು ಎಲ್ಲಕ್ಕಿಂತ ಮೊದಲು ಕಳಿಸಿದ.