ಉಪ್ಪುಗಾಳಿಯ ಊರಿನಲ್ಲಿ ಕೈಗಡಿಯಾರದ ಬೆಲ್ಟು

ಪಡುವಲಲ್ಲಿ ಅರಬ್ಬೀ ಸಮುದ್ರವನ್ನೂ ಮೂಡಲಲ್ಲಿ ಹೊಳೆಯನ್ನೂ ಹೊಂದಿರುವ ಮಟ್ಟುವಿನಲ್ಲಿ, ಗುಳ್ಳದ ಗದ್ದೆಯ ಕೃಷಿಕನ ಮಣಿಕಟ್ಟಿನಲ್ಲಿಯೂ ಮಣಿಪಾಲಕ್ಕೆ ಬಸ್ಸು ಹಿಡಿಯುವ ನೌಕರನ ಮಣಿಕಟ್ಟಿನಲ್ಲಿಯೂ ಒಸರುವ ಬೆವರಿನ ನೀರು ಹೇಗೋ ಆರಿಹೋದರೂ, ಅದರೊಳಗಣ ಲವಣ ಮಾತ್ರ ಬೆಲ್ಟಿನಲ್ಲಿಯೇ ಉಳಿಯುತ್ತದೆ. ವಾಯುವಿನ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತವನ್ನು ಮೀರಿದೊಡನೆ ಉಪ್ಪು ತಾನಾಗಿಯೇ ತೇವವನ್ನೆಳೆದುಕೊಂಡು ಕರಗತೊಡಗುವುದರಿಂದ, ಆಟಿಯಲ್ಲಿ ಭರಣಿಯ ಉಪ್ಪು ನೀರೊಡೆಯುವಂತೆಯೇ, ಮೇಜಿನ ಮೇಲೆ ಬಿಚ್ಚಿಟ್ಟ ಗಡಿಯಾರದ ಬೆಲ್ಟೂ ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ.

ಇದರ ಮೊದಲ ಬಲಿ ಚರ್ಮ. ಹಳೆಯ ಎಚ್‌ಎಂಟಿ ಗಡಿಯಾರವೊಂದಕ್ಕೆ ಮಳೆಗಾಲದ ಆರಂಭದಲ್ಲಿ ಹೊಸ ಚರ್ಮದ ಬೆಲ್ಟು ಹಾಕಿಸಿದರೆನ್ನೋಣ: ಮೊದಲು ಒಳಮೈ ಕಪ್ಪಾಗುತ್ತದೆ, ಬಳಿಕ ಹುಳಿವಾಸನೆ ಹುಟ್ಟುತ್ತದೆ, ಬೀರುವಿನೊಳಗಿಟ್ಟರೆ ಹೊಲಿಗೆಯ ಗುಂಟ ಬಿಳಿಯ ಬೂಷ್ಟು ಮೂಡುತ್ತದೆ, ಹದಮಾಡುವಾಗ ಊಡಿದ್ದ ಕೊಬ್ಬಿನಂಶವೂ ಕ್ರಮೇಣ ತೊಳೆದುಹೋಗಿ, ಒಣಗಿದಾಗ ರಂಧ್ರಗಳ ಬಳಿ ಚರ್ಮ ಸೆಟೆದು ಬಿರಿಯುತ್ತದೆ. ಬಿಸಿಲಿಗೊಡ್ಡುವುದು ಈ ಬಿರಿತವನ್ನು ತ್ವರೆಗೊಳಿಸುವುದೇ ಹೊರತು ಚಿಕಿತ್ಸೆಯಲ್ಲ. ನೆರಳಿನ ಗಾಳಿಯೇ ಲೇಸು. ಚರ್ಮವನ್ನು ಡಿಸೆಂಬರ್, ಜನವರಿಯ ಮದುವೆಮನೆಗಳಿಗೆ ಮೀಸಲಿಡುವುದು ನನ್ನ ಪಕ್ಷ.

ಉಕ್ಕಿನ ಚೈನು ಬೆವರನ್ನು ಹೀರದು; ಆದರೆ ಕೊಂಡಿಗಳ ಸಂದಿನಲ್ಲಿ ಆಮ್ಲಜನಕ ಸುಳಿಯದ ಎಡೆಯಲ್ಲಿ, ಲವಣದ ಕ್ಲೋರೈಡು ಉಕ್ಕಿನ ರಕ್ಷಕ ಪದರವನ್ನು ಭೇದಿಸಬಲ್ಲುದು. ಮಾಲಿಬ್ಡಿನಂ ಬೆರೆತ 316ಎಲ್ ಉಕ್ಕು ಇದನ್ನು 304ಕ್ಕಿಂತ ಚೆನ್ನಾಗಿ ತಡೆಯುತ್ತದೆ. ಸಂದಿನಲ್ಲಿ ಕೆಂಗಂದು ಗೆರೆ ಕಂಡರೆ ಅದು ಕೊಳೆಯಲ್ಲ, ತುಕ್ಕು.

ರಬ್ಬರಿಗೆ ಈ ಭೀತಿಯಿಲ್ಲವಾದರೂ, ಅದು ಗಾಳಿಯಾಡಲು ಬಿಡದ ಕಾರಣ ಕೆಳಗಿನ ತ್ವಚೆ ಬೆಂದಂತೆ ಬೆಳ್ಳಗಾಗಿ ತುರಿಸುತ್ತದೆ. ಒಂದು ರಂಧ್ರ ಸಡಿಲಿಸಿ ಕಟ್ಟಿದರೆ ಅರ್ಧ ಕಷ್ಟ ನೀಗುವುದು.

ಮಳೆಗಾಲದ ದುಡಿಮೆಗೆ ನಾನು ಆರಿಸುವುದು ನೈಲಾನಿನ ಏಕಪಟ್ಟಿಯನ್ನು. ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ಸೈನಿಕರಿಗಾಗಿ ನಿರ್ದೇಶಿಸಿದ ಮಾದರಿಯಿಂದ ಪ್ರಸಿದ್ಧವಾದ ಈ ಪಟ್ಟಿ ಎರಡೂ ಪಿನ್ನುಗಳ ಒಳಗಿನಿಂದ ಗಡಿಯಾರದ ಅಡಿಯಲ್ಲಿ ಹಾದುಹೋಗುವುದರಿಂದ, ಒಂದು ಪಿನ್ನು ಮುರಿದರೂ ಗಡಿಯಾರ ಗದ್ದೆಯ ಕೆಸರಿಗೆ ಬೀಳದು. ನೈಲಾನು ಬೆವರನ್ನು ಹಿಡಿಯುತ್ತದೆ, ನಿಜ. ಆದರೆ ಬಿಚ್ಚಿ, ಸಾಬೂನು ನೀರಿನಲ್ಲಿ ಕಿವುಚಿ, ಫ್ಯಾನಿನಡಿ ತೂಗುಹಾಕಿದರೆ ಬೆಳಗಾಗುವುದರೊಳಗೆ ಉಪ್ಪಿಲ್ಲದೆ ಆರಿರುತ್ತದೆ. ಚರ್ಮಕ್ಕೆ ಈ ಸ್ನಾನ ಸಲ್ಲದು.

ಯಾವ ಬೆಲ್ಟನ್ನೇ ಕೊಳ್ಳಿರಿ, ಅದನ್ನು ಹಿಡಿದಿರುವ ಸ್ಪ್ರಿಂಗ್ ಪಿನ್ನುಗಳನ್ನು ಅಂಗಡಿಯಲ್ಲಿಯೇ ಬಿಚ್ಚಿಸಿ ನೋಡಿರಿ: ತುದಿಯಲ್ಲಿ ತುಕ್ಕಿದ್ದರೆ, ಅಥವಾ ಒತ್ತಿದಾಗ ಪುಟಿಯದಿದ್ದರೆ, ಎರಡನ್ನೂ ತುಕ್ಕುಹಿಡಿಯದ ಉಕ್ಕಿನವುಗಳಿಗೆ ಬದಲಾಯಿಸಿಕೊಳ್ಳಿರಿ.