ಡೈವ್ ಆಮೇಲೆ, ಮೊದಲು ಪಾದ

ಗ್ಲೌಸ್ ಕೈಗೆ ಬಂದ ಕೂಡಲೇ ಹುಡುಗರಿಗೆ ಡೈವ್ ಹೊಡೆಯುವ ಆಸೆ. ಗುರ್‌ಪ್ರೀತ್ ಸಿಂಗ್ ಸಂಧು ಕಂಠೀರವ ಕ್ರೀಡಾಂಗಣದಲ್ಲಿ ಮೈಚಾಚಿ ಚೆಂಡು ತಡೆಯುವುದನ್ನು ಕಂಡವರಿಗೆ ಅದು ಸಹಜವೇ. ಆದರೆ ಒಳ್ಳೆಯ ಕೋಚ್ ಮೊದಲು ನೋಡುವುದು ಪಾದಗಳನ್ನು.

ಪಾದಗಳು ಭುಜದಷ್ಟು ಅಗಲ, ಮೊಣಕಾಲು ತುಸು ಬಾಗಿ, ಭಾರ ಮುಂಗಾಲಿನ ಮೇಲೆ, ಕೈಗಳು ಸೊಂಟದೆತ್ತರದಲ್ಲಿ ಮೈಯ ಮುಂದೆ. ಎದುರಾಳಿ ಒದೆಯುವ ಕ್ಷಣದಲ್ಲಿ ಕೀಪರ್ ಓಡುತ್ತಿರಬಾರದು. ಎರಡೂ ಪಾದ ನೆಲಕ್ಕೂರಿರಬೇಕು. ಚೆಂಡು ಹಿಡಿದಾಗಲೆಲ್ಲ ಹಿಂದಕ್ಕೆ ವಾಲುತ್ತಿದ್ದರೆ ಭಾರ ಹಿಮ್ಮಡಿಗೆ ಹೋಗಿದೆ ಎಂದರ್ಥ.

ಎದೆಯೆತ್ತರದ ಮತ್ತು ಅದಕ್ಕಿಂತ ಮೇಲಿನ ಚೆಂಡಿಗೆ ಹೆಬ್ಬೆರಳುಗಳು ಹತ್ತಿರ ಬಂದು, ಅಂಗೈಗಳು ಚೆಂಡಿನ ಹಿಂಬದಿಯಲ್ಲಿರಬೇಕು. ಸೊಂಟದ ಕೆಳಗಿನದಕ್ಕೆ ಕಿರುಬೆರಳುಗಳು ಜೋಡಿ, ಮೊರದಂತೆ ಎತ್ತಿ ಎದೆಗೆ ಅಪ್ಪಿಕೊಳ್ಳಬೇಕು. ಕೈ ಜಾರಿದರೂ ಮೈ ತಡೆಯಲಿ ಎಂದು ಸಾಧ್ಯವಾದಾಗಲೆಲ್ಲ ಚೆಂಡಿನ ದಾರಿಗೆ ದೇಹವನ್ನೇ ತಂದುಕೊಳ್ಳಬೇಕು. ಐದು ಮೀಟರ್ ದೂರದಿಂದ ಮೆಲ್ಲಗೆ ಎಸೆದ ಚೆಂಡು ಹಿಡಿಯುವುದೇ ಇದರ ಮೊದಲ ಅಭ್ಯಾಸ.

ಡೈವ್ ಕಲಿಸುವುದು ನೆಲದಿಂದಲೇ. ಮಗು ಮೊದಲು ಹುಲ್ಲಿನ ಮೇಲೆ ಕುಳಿತು, ಪಕ್ಕಕ್ಕೆ ಉರುಳಿಸಿದ ಚೆಂಡಿನತ್ತ ವಾಲುತ್ತದೆ. ಅದು ಅಂಜಿಕೆಯಿಲ್ಲದೆ ಬಂದ ಮೇಲೆ ಮಂಡಿಯೂರಿ, ನಂತರ ಕುಕ್ಕರಗಾಲಿನಲ್ಲಿ, ಕೊನೆಗೆ ನಿಂತು. ತೊಡೆಯ ಹೊರಬದಿ, ಸೊಂಟ, ಪಕ್ಕೆ, ಭುಜ ಒಂದಾದ ಮೇಲೊಂದು ನೆಲ ಮುಟ್ಟಬೇಕು. ಮೊಣಕೈ ಮೊದಲು ಊರಿದರೆ ಪೆಟ್ಟು ಖಚಿತ. ಹೊಟ್ಟೆ ಅಡಿಯಾಗಿ ಬಿದ್ದರೆ ಚೆಂಡೇ ಕಾಣದು. ಹಾರುವ ಬದಿಯ ಕಾಲನ್ನು ಓರೆಯಾಗಿ ಮುಂದಿಟ್ಟರೆ ಹಿಂದಕ್ಕೆ ಬೀಳುವುದು ತಪ್ಪುತ್ತದೆ. ನಮ್ಮ ಎಷ್ಟೋ ಶಾಲಾ ಮೈದಾನಗಳ ಗಟ್ಟಿ ಕೆಮ್ಮಣ್ಣಿನಲ್ಲಿ ಇದನ್ನೆಲ್ಲ ಮಾಡಿಸುವುದು ಹುಂಬತನ. ಲಾಂಗ್‌ಜಂಪ್‌ನ ಮರಳುಗುಂಡಿ ಖಾಲಿಯಿದ್ದರೆ ಕಲ್ಲು ಆರಿಸಿ ಅಲ್ಲೇ ಕಲಿಸಬಹುದು. ಎತ್ತಿಡುವಂಥ ಗೋಲುಪೋಸ್ಟ್ ಇದ್ದರೆ ಅದು ಮಗುಚಿ ಬೀಳದಂತೆ ನೆಲಕ್ಕೆ ಬಿಗಿದಿದೆಯೇ ಎಂದೂ ನೋಡಬೇಕು.

ಚೆಂಡು ಕೈಸೇರಿದರೂ ಕೆಲಸ ಮುಗಿಯುವುದಿಲ್ಲ. 2018ರ ಚಾಂಪಿಯನ್ಸ್ ಲೀಗ್ ಫೈನಲ್ ಕೀವ್‌ನಲ್ಲಿ ನಡೆದಾಗ ಲಿವರ್‌ಪೂಲ್‌ನ ಲೋರಿಸ್ ಕರಿಯಸ್ ಸಹ ಆಟಗಾರನಿಗೆ ಚೆಂಡು ಉರುಳಿಸಹೊರಟರು. ಹತ್ತಿರದಲ್ಲೇ ಇದ್ದ ರಿಯಲ್ ಮ್ಯಾಡ್ರಿಡ್‌ನ ಕರೀಂ ಬೆನ್ಜೆಮಾ ಕಾಲು ಚಾಚಿದರು. ಚೆಂಡು ಗೋಲಿನೊಳಕ್ಕೆ ಹೋಯಿತು. ಕೊನೆಯಲ್ಲಿ ಗ್ಯಾರೆತ್ ಬೇಲ್ ದೂರದಿಂದ ಒದ್ದದ್ದೂ ಅವರ ಕೈಗೆ ತಾಗಿಯೇ ಒಳಸೇರಿತು. ಮ್ಯಾಡ್ರಿಡ್ 3-1ರಿಂದ ಗೆದ್ದಿತು.

ಇದನ್ನು ತಪ್ಪಿಸುವ ಅಭ್ಯಾಸ ಸರಳ. ಹತ್ತು ಹದಿನೈದು ಮೀಟರ್ ದೂರದಲ್ಲಿ ಎಡಕ್ಕೊಬ್ಬ, ಬಲಕ್ಕೊಬ್ಬ ಜೊತೆಗಾರ. ನಡುವೆ ಒಬ್ಬ ಎದುರಾಳಿ. ಎದುರಾಳಿ ಯಾವ ಕಡೆ ವಾಲುತ್ತಾನೆಂದು ತಲೆಯೆತ್ತಿ ನೋಡಿದ ಮೇಲೆಯೇ ಕೀಪರ್ ಇನ್ನೊಂದು ಕಡೆಗೆ ಚೆಂಡು ಉರುಳಿಸಬೇಕು. ಮೊಣಕಾಲು ಬಗ್ಗಿಸಿ, ಕೈಯನ್ನು ನೆಲದ ಹತ್ತಿರ ತಂದು ಬಿಟ್ಟರೆ ಚೆಂಡು ಪುಟಿಯದೆ ಸಾಗುತ್ತದೆ.

ಆ ಫೈನಲ್‌ನಲ್ಲಿ ಗೋಲುಗಳಿಗೂ ಮುಂಚೆ ಕರಿಯಸ್ ತಲೆಗೆ ಎದುರಾಳಿಯ ಮೊಣಕೈ ಬಡಿದಿತ್ತು. ಕೆಲವು ದಿನಗಳ ನಂತರ ಪರೀಕ್ಷಿಸಿದ ಅಮೆರಿಕದ ವೈದ್ಯರು, ಪಂದ್ಯದಲ್ಲಿ ಅವರ ಮಿದುಳಿಗೆ ಆಘಾತವಾಗಿತ್ತೆಂದು ಹೇಳಿದರು. ತಲೆಗೆ ಪೆಟ್ಟಾದ ಮಗು ತಲೆಸುತ್ತು, ವಾಕರಿಕೆ, ಮಬ್ಬು ನೋಟ ಎಂದರೆ, ಅಥವಾ ಮಂಕಾಗಿ ಕಂಡರೂ ಸಾಕು, ಅಂದು ಮತ್ತೆ ಮೈದಾನಕ್ಕಿಳಿಸದೆ ವೈದ್ಯರಿಗೆ ತೋರಿಸಬೇಕು.