ಎರಡೇ ಶಾಯಿಯಲ್ಲಿ ಅಜ್ಜಿಯ ಚಿತ್ರ

ಅಜ್ಜಿ ಹಿತ್ತಲಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿರುವ ಫೋಟೊ ಒಂದು ನನ್ನ ಬಳಿ ಇದೆ. ಕೆಂಪು ಸೀರೆ, ಬಿಳಿ ಕೂದಲು, ಹಿಂದೆ ಬಾಳೆಗಿಡ. ಅದನ್ನು ರಿಸೊಗ್ರಾಫ್ ಮುದ್ರಣದಂತೆ ಕಾಣಿಸಬೇಕೆಂದು ಕೂತ ಮೊದಲ ದಿನ ಕೈಗೆ ಬಂದದ್ದು ಬರೀ ನೇರಳೆ ಬಣ್ಣದ ಫೋಟೊ. ಎಲ್ಲಿ ತಪ್ಪಿದೆ ಎಂದು ಗೊತ್ತಾದದ್ದು ಆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದ ಮೇಲೆ.

ರಿಸೊಗ್ರಾಫ್ ಜಪಾನಿನ ರಿಸೊ ಕಗಾಕು ಕಂಪನಿ 1980ರ ದಶಕದಲ್ಲಿ ಹೊರತಂದ ಯಂತ್ರ. ಶಾಲೆ, ಕಚೇರಿಗಳಲ್ಲಿ ಕಡಿಮೆ ಖರ್ಚಿನಲ್ಲಿ ನೂರಾರು ಪ್ರತಿ ತೆಗೆಯುವುದಕ್ಕೆಂದೇ ಮಾಡಿದ್ದು. ಚಿತ್ರವನ್ನು ತೆಳುವಾದ ಹಾಳೆಯೊಂದರ ಮೇಲೆ ಬಿಸಿಯಿಂದ ಸಣ್ಣ ಸಣ್ಣ ತೂತುಗಳಾಗಿ ಕೊರೆದು, ಶಾಯಿ ತುಂಬಿದ ಡ್ರಮ್ಮಿಗೆ ಸುತ್ತುತ್ತದೆ. ಡ್ರಮ್ಮು ತಿರುಗುವಾಗ ಶಾಯಿ ಆ ತೂತುಗಳಿಂದ ಕಾಗದಕ್ಕೆ ಇಳಿಯುತ್ತದೆ. ಒಂದು ಡ್ರಮ್ಮಿಗೆ ಒಂದೇ ಬಣ್ಣ. ಎರಡನೆಯ ಬಣ್ಣ ಬೇಕೆಂದರೆ ಸಾಮಾನ್ಯವಾಗಿ ಡ್ರಮ್ಮು ಬದಲಿಸಿ ಅದೇ ಕಾಗದವನ್ನು ಮತ್ತೊಮ್ಮೆ ಒಳಗೆ ಬಿಡಬೇಕು. ಎರಡನೆಯ ಸಲ ಕಾಗದ ಕೂದಲೆಳೆಯಷ್ಟು ಓರೆಯಾಗಿ ಹೋದರೂ ಬಣ್ಣ ಸರಿದು ಕೂರುತ್ತದೆ.

ಇಲ್ಲಿ ತಿಳಿ ಗುಲಾಬಿ ಶಾಯಿ ಎಂಬುದಿಲ್ಲ. ಒಂದು ಜಾಗದಲ್ಲಿ ಶಾಯಿ ಇದೆ, ಇಲ್ಲವೇ ಇಲ್ಲ. ಚುಕ್ಕಿಗಳು ವಿರಳವಾಗಿದ್ದರೆ ಕಣ್ಣಿಗೆ ತಿಳಿಯಾಗಿ ಕಾಣುತ್ತದೆ, ಅಷ್ಟೆ. ಹಾಗಾಗಿ ಗುಲಾಬಿ ಮತ್ತು ನೀಲಿ ಶಾಯಿಯ ಮುದ್ರಣವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಿಗುವುದು ನಾಲ್ಕೇ ಬಣ್ಣ: ಬರಿಯ ಕಾಗದ, ಗುಲಾಬಿ, ನೀಲಿ, ಎರಡೂ ಒಂದರ ಮೇಲೊಂದು ಬಿದ್ದ ಗಾಢ ನೀಲಿ. ಕಪ್ಪು ಎಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಚಿತ್ರವನ್ನೂ ಹೀಗೇ ಪರೀಕ್ಷಿಸಬಹುದು. ಹಿಗ್ಗಿಸಿ ನೋಡಿದಾಗ ನಾಲ್ಕಕ್ಕಿಂತ ಹೆಚ್ಚು ಬಣ್ಣ ಕಂಡರೆ ಅದು ಬಣ್ಣ ಬಳಿದ ಫೋಟೊ, ಮುದ್ರಣವಲ್ಲ.

ನಾನು ಮೊದಲ ದಿನ ಮಾಡಿದ ತಪ್ಪು ಒಂದೇ ಕಪ್ಪುಬಿಳುಪು ಪ್ರತಿಯನ್ನು ಎರಡೂ ಬಣ್ಣಕ್ಕೆ ಬಳಸಿದ್ದು. ಗುಲಾಬಿ ಬಿದ್ದಲ್ಲೆಲ್ಲ ನೀಲಿಯೂ ಬಿದ್ದರೆ ನೇರಳೆಯಲ್ಲದೆ ಇನ್ನೇನು ಬಂದೀತು? ಎರಡು ಶಾಯಿಗೂ ಬೇರೆ ಬೇರೆ ಕೆಲಸ ಕೊಡಬೇಕು. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ `Decompose` ಎಂಬ ಆಜ್ಞೆ ಫೋಟೊವನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಕಪ್ಪುಬಿಳುಪು ಪ್ರತಿಗಳಾಗಿ ಬಿಡಿಸಿಕೊಡುತ್ತದೆ. ಹಸಿರಿನ ಪ್ರತಿಯನ್ನು ಗುಲಾಬಿ ಶಾಯಿಗೆ, ಕೆಂಪಿನ ಪ್ರತಿಯನ್ನು ನೀಲಿ ಶಾಯಿಗೆ ಇಟ್ಟುಕೊಂಡೆ. ಕೆಂಪು ಸೀರೆ ಹಸಿರಿನ ಪ್ರತಿಯಲ್ಲಿ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಅಲ್ಲಿ ಗುಲಾಬಿ ದಟ್ಟವಾಗಿ ಬೀಳುತ್ತದೆ. ಬಾಳೆಯೆಲೆ ಕೆಂಪಿನ ಪ್ರತಿಯಲ್ಲಿ ಕಪ್ಪು, ಅದು ನೀಲಿಗೆ ಹೋಯಿತು. ಅಜ್ಜಿಯ ಮೈಬಣ್ಣ ಗುಲಾಬಿಯ ಕಡೆ ವಾಲಿತು, ಕೂದಲು ಮತ್ತು ಅಕ್ಕಿ ಬರಿಯ ಕಾಗದವಾಗಿಯೇ ಉಳಿದವು. ನೇರಳೆಯಾಗಿದ್ದ ಚಿತ್ರಕ್ಕೆ ಜೀವ ಬಂದದ್ದು ಇಲ್ಲಿ.

ಮುಂದಿನದು ಚುಕ್ಕಿ. ಬಣ್ಣ ಹಾಕಿ ಮುಗಿಸಿ ಕೊನೆಗೆ ಮೇಲಿಂದ ಮರಳು ಉದುರಿಸಿದಂತೆ ಚುಕ್ಕಿ ಸೇರಿಸುವವರೇ ಹೆಚ್ಚು. ಆಗ ಎರಡೂ ಬಣ್ಣದ ಮೇಲೆ ಒಂದೇ ಚುಕ್ಕಿ ಕೂತು ಗಾಜಿನ ಮೇಲಿನ ಧೂಳಿನಂತೆ ಕಾಣುತ್ತದೆ. ಬಣ್ಣ ಹಾಕುವ ಮೊದಲೇ ಪ್ರತಿಯೊಂದು ಪ್ರತಿಯನ್ನೂ `Indexed` ಕ್ರಮದಲ್ಲಿ ಬರೀ ಕಪ್ಪು ಮತ್ತು ಬಿಳಿಗೆ ಇಳಿಸಬೇಕು. ಅಲ್ಲಿ `Floyd-Steinberg` ಆಯ್ಕೆ ಮಾಡಿದರೆ ಬೂದು ಬಣ್ಣವೆಲ್ಲ ಚುಕ್ಕಿಗಳಾಗಿ ಒಡೆಯುತ್ತದೆ. ಎ4 ಅಳತೆಗೆ ಬೇಕಾದ 2480 ಪಿಕ್ಸೆಲ್ ಅಗಲದ ಚಿತ್ರವನ್ನು ಅರ್ಧಕ್ಕೆ ಕುಗ್ಗಿಸಿ ಚುಕ್ಕಿ ಮಾಡಿ, ಮತ್ತೆ ಎರಡರಷ್ಟು ಹಿಗ್ಗಿಸಿದೆ. ಹಿಗ್ಗಿಸುವಾಗ `Interpolation` ಎಂಬಲ್ಲಿ `None` ಇರಬೇಕು, ಇಲ್ಲವಾದರೆ ಚುಕ್ಕಿಯ ಅಂಚು ಮಸುಕಾಗಿ ಐದನೆಯ, ಆರನೆಯ ಬಣ್ಣ ಹುಟ್ಟಿಕೊಳ್ಳುತ್ತದೆ.

ಪ್ರತಿಗಳನ್ನು `RGB` ಕ್ರಮಕ್ಕೆ ತಂದು, ಒಂದರ ಕಪ್ಪಿಗೆ `#FF48B0` ಗುಲಾಬಿ, ಇನ್ನೊಂದರ ಕಪ್ಪಿಗೆ `#0078BF` ನೀಲಿ ತುಂಬಿದೆ. ಕೆಳಗೆ ಕೆನೆ ಬಣ್ಣದ ಕಾಗದದ ಪದರ, ಮೇಲಿನ ಎರಡಕ್ಕೂ `Multiply`.

ಇನ್ನು ಬಣ್ಣ ಸರಿಸುವುದು. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ಸುಮಾರು 12 ಪಿಕ್ಸೆಲ್. ಗುಲಾಬಿ ಪದರವನ್ನು 8 ಪಿಕ್ಸೆಲ್ ಬಲಕ್ಕೆ ಜರುಗಿಸಿ 0.1 ಡಿಗ್ರಿ ತಿರುಗಿಸಿದೆ. ತಿರುಗಿಸಿದ್ದರಿಂದ ಚಿತ್ರದ ಮೇಲ್ತುದಿಯಲ್ಲಿ ಬಣ್ಣ ಸುಮಾರು 11 ಪಿಕ್ಸೆಲ್, ಕೆಳತುದಿಯಲ್ಲಿ 5 ಪಿಕ್ಸೆಲ್ ಸರಿದಿರುತ್ತದೆ. ಓರೆಯಾಗಿ ಒಳಹೋದ ಕಾಗದದಲ್ಲಿ ಆಗುವುದೂ ಇದೇ. ಮೊರದ ಬಲ ಅಂಚಿನಲ್ಲಿ ಗುಲಾಬಿಯ ಎಳೆಯೊಂದು ಹೊರಚಾಚಿತು, ಎಡ ಅಂಚಿನಲ್ಲಿ ನೀಲಿ ಒಂಟಿಯಾಗಿ ಉಳಿಯಿತು.

ಆದರೆ ಅಜ್ಜಿಯ ಕಣ್ಣು ಕದಡಿಹೋಗಿತ್ತು. ಫೋಟೊದಲ್ಲಿ ಅವಳ ಮುಖ ಎರಡು ಸೆಂಟಿಮೀಟರ್ ಕೂಡ ಇಲ್ಲ, ಕಣ್ಣು ಅಂದರೆ ಎರಡು ಮೂರು ಮಿಲಿಮೀಟರ್. ಅಷ್ಟು ಸಣ್ಣದರಲ್ಲಿ ಮುಕ್ಕಾಲು ಮಿಲಿಮೀಟರ್ ಸರಿದರೆ ಕಣ್ಣು ಕಣ್ಣಾಗಿ ಉಳಿಯುವುದಿಲ್ಲ. ಜರುಗಿಸಿದ್ದನ್ನು 4 ಪಿಕ್ಸೆಲ್ಲಿಗೆ ಇಳಿಸಿ, ಚುಕ್ಕಿಯ ಅಂಚು ಕೆಡದಿರಲೆಂದು ಚಿತ್ರವನ್ನು ಜೆಪೆಗ್ ಬಿಟ್ಟು ಪಿಎನ್‌ಜಿಯಾಗಿ ಉಳಿಸಿಕೊಂಡೆ. ಈಗ ಅವಳು ಮೊರದೊಳಗಿನ ಅಕ್ಕಿಯನ್ನೇ ನೋಡುತ್ತಿದ್ದಾಳೆ ಎಂಬುದು ತಿಳಿಯುತ್ತದೆ. ಮೊರದ ಅಂಚಿನ ಗುಲಾಬಿ ಎಳೆ ತೆಳ್ಳಗಾಗಿದೆ, ಹೋಗಿಲ್ಲ.